ಗಾಯಕ್ಕೂ ಒಂದು ಸೂಜಿ

ಹಾಲು ತರಲು ಹೋದ ಮಗ ಕುಂಟುತ್ತಾ ಅಳುತ್ತಾ ಬಂದ. ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಎರಡು ಹಲ್ಲಿನ ಗುರುತು, ಎರಡರಿಂದಲೂ ರಕ್ತ. ಅತ್ತೆ ಅರಿಶಿನದ ಡಬ್ಬಿ ಹಿಡಿದು ಓಡಿಬಂದರು. "ಬೇಡ ಅತ್ತೆ, ಏನೂ ಮೆತ್ತಬಾರದು" ಎಂದು ಅವನನ್ನು ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿದೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿ ಪೂರಾ 15 ನಿಮಿಷ ತೊಳೆದೆ.

ಹತ್ತಿರದ ಆಸ್ಪತ್ರೆಯಲ್ಲಿ ಎರಡೂ ತೋಳಿಗೆ, ಚರ್ಮದೊಳಗೆ ಲಸಿಕೆ ಚುಚ್ಚಿದರು. ಇಂದಿನದು ಸೊನ್ನೆಯ ದಿನ, ಇನ್ನು 3, 7, 28ನೇ ದಿನ ಬನ್ನಿ ಎಂದು ಚೀಟಿ ಬರೆದರು. ನಿಶ್ಚಿಂತೆಯಿಂದ ಮನೆಗೆ ಬಂದೆ.

ಸಂಜೆ ಪಕ್ಕದ ಮನೆಯ ನರ್ಸಮ್ಮ ಚೀಟಿ ನೋಡಿ, "ಗಾಯದೊಳಗೆ ಚುಚ್ಚಲಿಲ್ವಾ?" ಎಂದರು. ನನ್ನ ಎದೆ ಧಸಕ್ಕೆಂದಿತು.

"ಲಸಿಕೆಯಿಂದ ಮೈಯಲ್ಲಿ ರಕ್ಷಣೆ ಹುಟ್ಟೋಕೆ ಒಂದೆರಡು ವಾರ ಬೇಕು. ಅಲ್ಲೀವರೆಗೆ ವಿಷಾಣುವನ್ನು ಗಾಯದಲ್ಲೇ ತಡೆಯೋದು ಇಮ್ಯುನೊಗ್ಲಾಬ್ಯುಲಿನ್. ರಕ್ತ ಬಾರದ ತರಚಿದ ಗಾಯಕ್ಕೆ ಲಸಿಕೆ ಸಾಕು. ಹಲ್ಲು ನಾಟಿ ರಕ್ತ ಬಂದರೆ ಇದೂ ಬೇಕು. ಮೊದಲ ಲಸಿಕೆ ಆದ 7 ದಿನದೊಳಗೆ ಕೊಡಬಹುದು, ಆದರೆ ಕಾಯಬೇಡಿ."

ಆ ರಾತ್ರಿಯೇ ಜಿಲ್ಲಾ ಆಸ್ಪತ್ರೆಗೆ ಹೋದೆವು. ಮಗನ ತೂಕ ನೋಡಿ ಔಷಧಿ ಅಳೆದು, ಎರಡು ಗುರುತುಗಳ ಒಳಗೂ ಸುತ್ತಲೂ ಚುಚ್ಚಿದರು. ಅವನು ಕಿರುಚಿದ, ನಾನು ಕಣ್ಣುಮುಚ್ಚಿ ಅವನ ಕಾಲು ಹಿಡಿದುಕೊಂಡೆ.

ಮರುದಿನ ಅತ್ತೆ ಕ್ಯಾಲೆಂಡರಿನಲ್ಲಿ ಉಳಿದ ಮೂರು ತಾರೀಖುಗಳಿಗೂ ಬೊಟ್ಟಿಟ್ಟರು, ಅದೇ ಅರಿಶಿನದಿಂದ. ಒಂದನ್ನೂ ನಾವು ತಪ್ಪಿಸಲಿಲ್ಲ.