ಹೂಡಿಯ ಅಂಗಳದಲ್ಲಿ ಒಂದು ಭಾಗಾಕಾರ

ಕೆ.ಆರ್. ಪುರ ದಾಟಿದ ಮೇಲೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕರೆ ವೈಟ್‌ಫೀಲ್ಡ್‌ ಪೂರ್ತಿ ಗಾಜಿನ ಊರಿನಂತೆ ಕಾಣುತ್ತದೆ. ಐಟಿಪಿಎಲ್ ಕಡೆಗೆ ಹೋಗುವ ಟೆಕ್ಕಿಗಳ ನಡುವೆ ನಾನೂ ನಿಂತಿದ್ದೆ. ಆದರೆ ನನಗೆ ನೋಡಬೇಕಿದ್ದುದು ಆ ಗಾಜಿನ ಕಟ್ಟಡಗಳಿಗೆ ಜೀವ ಕೊಡುವ ಜಾಗ. ಹೂಡಿಯಲ್ಲಿ 400 ಕಿಲೋವೋಲ್ಟ್ ವಿದ್ಯುತ್ತನ್ನು 220ಕ್ಕೆ ಇಳಿಸುವ ಸ್ಟೇಷನ್ ಇದೆ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಲೈನ್ ಕ್ಲಿಯರ್ ಪಡೆದು ಅಂದು ರಿಲೇ ಪರೀಕ್ಷೆ ನಡೆಸುವವರಿದ್ದರು. ಪರಿಚಯದ ಎಂಜಿನಿಯರೊಬ್ಬರು ನನ್ನನ್ನೂ ಕರೆದಿದ್ದರು.

ಹೆಲ್ಮೆಟ್ ಹಾಕಿಕೊಂಡು ಯಾರ್ಡಿಗೆ ಕಾಲಿಟ್ಟ ಕೂಡಲೇ ಕಿವಿಗೆ ಬಿದ್ದದ್ದು ಗುಂಯ್‌ ಎನ್ನುವ ದನಿ. ಚಾಲೂ ಇದ್ದ ಪಕ್ಕದ ಟ್ರಾನ್ಸ್‌ಫಾರ್ಮರ್ ಹಾಗೆ ಗುನುಗುತ್ತಿತ್ತು. "ಒಳಗಿನ ಕೋರ್‌ನ ಉಕ್ಕಿನ ಹಾಳೆಗಳು ಸೆಕೆಂಡಿಗೆ ನೂರು ಸಲ ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತಿವೆ ಸರ್, ಅದರ ಸದ್ದು ಇದು" ಎಂದರು ಎಂಜಿನಿಯರ್. ಕಾಂತತ್ವ ಸೆಕೆಂಡಿಗೆ ಐವತ್ತು ಸಲ ದಿಕ್ಕು ತಿರುಗಿ ಮತ್ತೆ ಮರಳುತ್ತದೆ. ಒಂದೊಂದು ದಿಕ್ಕಿಗೂ ಒಂದೊಂದು ಹಿಗ್ಗು. ಅಷ್ಟು ದೊಡ್ಡ ಯಂತ್ರ ಹಾಗೆ ಮಿಡಿಯುತ್ತಿದೆ ಎಂದು ಗೊತ್ತಾದ ಮೇಲೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ.

ಈ ಕೋರ್‌ಗೆ ಒಂದು ಮಿತಿಯಿದೆ. ಉಕ್ಕು ಸುಮಾರು 2 ಟೆಸ್ಲಾದಷ್ಟು ಫ್ಲಕ್ಸ್ ಹೊರಬಲ್ಲದು. ತಯಾರಕರು ಸಾಮಾನ್ಯವಾಗಿ 1.7 ಟೆಸ್ಲಾದ ಆಸುಪಾಸಿಗೆ ನಿಲ್ಲಿಸಿ ವಿನ್ಯಾಸ ಮಾಡುತ್ತಾರೆ. ಎಷ್ಟು ಫ್ಲಕ್ಸ್ ಏಳುತ್ತದೆ ಎಂಬುದನ್ನು ಎರಡು ಸಂಗತಿಗಳು ಒಟ್ಟಾಗಿ ತೀರ್ಮಾನಿಸುತ್ತವೆ. ವೋಲ್ಟೇಜ್ ಫ್ಲಕ್ಸನ್ನು ಒಂದು ದಿಕ್ಕಿಗೆ ತಳ್ಳುತ್ತದೆ. ಎಷ್ಟು ಹೊತ್ತು ತಳ್ಳಬೇಕು ಎಂಬುದನ್ನು ಫ್ರೀಕ್ವೆನ್ಸಿ ಹೇಳುತ್ತದೆ. 50 ಹರ್ಟ್ಜ್‌ನಲ್ಲಿ ಒಂದು ದಿಕ್ಕಿನ ತಳ್ಳಾಟ 10 ಮಿಲಿಸೆಕೆಂಡ್. 40 ಹರ್ಟ್ಜ್‌ಗೆ ಇಳಿದರೆ ಅದು 12.5 ಮಿಲಿಸೆಕೆಂಡ್ ಆಗುತ್ತದೆ. ವೋಲ್ಟೇಜ್ ಅಷ್ಟೇ ಇದ್ದರೂ ತಳ್ಳುವ ಹೊತ್ತು ಹೆಚ್ಚಾದ್ದರಿಂದ ಫ್ಲಕ್ಸ್ ಮೇಲಕ್ಕೇರುತ್ತದೆ. ಹಾಗಾಗಿ ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕೋರ್‌ನ ನಿಜವಾದ ಭಾರ.

ನಮ್ಮ ನಾಡಿನ ವಿದ್ಯುತ್ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು 25 ಹರ್ಟ್ಜ್ ವಿದ್ಯುತ್ತು. ಇಂದಿನ ಟ್ರಾನ್ಸ್‌ಫಾರ್ಮರ್ ಒಂದಕ್ಕೆ ಅದರ ಪೂರ್ಣ ವೋಲ್ಟೇಜನ್ನು 25 ಹರ್ಟ್ಜ್‌ನಲ್ಲಿ ಕೊಟ್ಟರೆ ಕೋರ್ ಇಮ್ಮಡಿ ಫ್ಲಕ್ಸ್ ಹೊರಬೇಕಾಗುತ್ತದೆ. ಅದು ಅದರ ಕೈಲಾಗದ ಮಾತು. ಆ ಕಾಲದ ಟ್ರಾನ್ಸ್‌ಫಾರ್ಮರ್‌ಗಳಿಗೆ ಅಷ್ಟೊಂದು ಕಬ್ಬಿಣ ಬೇಕಾಗಿದ್ದುದು ಇದರಿಂದಲೇ.

ಮಿತಿ ಮೀರಿದರೆ ಏನಾಗುತ್ತದೆ? ತುಂಬಿದ ಕಾಲುವೆಯ ನೀರು ಏರಿ ಒಡೆದು ಗದ್ದೆಗೆ ನುಗ್ಗುವ ಹಾಗೆ, ಕೋರ್‌ನಲ್ಲಿ ಹಿಡಿಸದ ಫ್ಲಕ್ಸ್ ಹೊರಗೆ ಹರಿಯುತ್ತದೆ. ಬೋಲ್ಟು, ಕ್ಲ್ಯಾಂಪು, ಟ್ಯಾಂಕಿನ ಗೋಡೆ ಎಲ್ಲದರಲ್ಲೂ ಸುಳಿ ಕರೆಂಟ್ ಎದ್ದು ಅವು ಕಾಯುತ್ತವೆ. ಹಾಳೆಗಳ ನಡುವಿನ ಇನ್ಸುಲೇಷನ್ ಸುಡುತ್ತದೆ. ಗುನುಗು ಒರಟಾಗುತ್ತದೆ. ಮುಂದೊಂದು ದಿನ ಎಣ್ಣೆಯ ಪರೀಕ್ಷೆ ಮಾಡಿದಾಗ ಮೀಥೇನ್, ಎಥಿಲೀನ್ ಹೆಚ್ಚಾಗಿರುವುದು ಕಾಣುತ್ತದೆ.

ಕೋರ್‌ನ ಈ ಭಾರ ಮಿತಿ ಮೀರದಂತೆ ಕಾಯುವ ರಿಲೇಗೇ ಅಂದು ಪರೀಕ್ಷೆ. ನಾವು ಕಂಟ್ರೋಲ್ ರೂಮಿಗೆ ಹೋದಾಗ ಟೆಸ್ಟ್ ಕಿಟ್‌ನ ವೈರುಗಳು ಪ್ಯಾನಲ್‌ಗೆ ಸೇರಿದ್ದವು. 400 ಕಿಲೋವೋಲ್ಟನ್ನು ಅಳೆಯುವ ಉಪಕರಣ ಅದನ್ನು 110 ವೋಲ್ಟ್‌ಗೆ ಇಳಿಸಿ ರಿಲೇಗೆ ಕೊಡುತ್ತದೆ. ಹಾಗಾಗಿ ಪರೀಕ್ಷೆಯವರು ಮೊದಲು 110 ವೋಲ್ಟ್, 50 ಹರ್ಟ್ಜ್ ಕೊಟ್ಟರು. ಆ ಭಾಗಲಬ್ಧವನ್ನೇ ಒಂದು ಎಂದು ಎಣಿಸುವುದರಿಂದ ಪರದೆಯ ಮೇಲೆ 1.00 ಎಂದು ಬಂತು. ವೋಲ್ಟೇಜ್ ಮುಟ್ಟದೆ ಫ್ರೀಕ್ವೆನ್ಸಿಯನ್ನು ಮೆಲ್ಲಗೆ ಇಳಿಸುತ್ತಾ ಹೋದರು. 45ಕ್ಕೆ ಬಂದಾಗ ಸಂಖ್ಯೆ 1.11 ಆಯಿತು. ಕೆಲವು ಕ್ಷಣ ಕಾದು ಅಲಾರಂ ದೀಪ ಹೊತ್ತಿಕೊಂಡಿತು. ಆದರೆ ಟ್ರಿಪ್ ಆಗಲಿಲ್ಲ.

"ನೂರಕ್ಕೆ ಹತ್ತು ಹೆಚ್ಚಾದರೆ ಟ್ರಾನ್ಸ್‌ಫಾರ್ಮರ್ ಸದಾ ತಡೆದುಕೊಳ್ಳುತ್ತದೆ ಸರ್. ಇಪ್ಪತ್ತೈದು ಹೆಚ್ಚಾದರೆ ಒಂದು ನಿಮಿಷ, ನಲವತ್ತಾದರೆ ಐದು ಸೆಕೆಂಡ್. ನಮ್ಮಲ್ಲಿ ಖರೀದಿಸುವಾಗಲೇ ಸಾಮಾನ್ಯವಾಗಿ ಹೀಗೆ ಷರತ್ತು ಹಾಕುತ್ತೇವೆ" ಎಂದರು ಎಂಜಿನಿಯರ್. ರಿಲೇಯ ನಡೆಯೂ ಅದೇ ಗೆರೆಯ ಒಳಗೆ ಇರುತ್ತದೆ. ಭಾರ ಕಡಿಮೆಯಿದ್ದರೆ ಎಚ್ಚರಿಸಿ ಕಾಯುತ್ತದೆ. ಭಾರ ಏರಿದಂತೆ ಕಾಯುವ ಹೊತ್ತು ಕುಗ್ಗುತ್ತದೆ. ಇದರಿಂದ ಎರಡು ಕ್ಷಣದ ಏರುಪೇರಿಗೆಲ್ಲ ವೈಟ್‌ಫೀಲ್ಡ್ ಕತ್ತಲಾಗುವುದಿಲ್ಲ.

ಮುಂದಿನದು 121 ವೋಲ್ಟ್, 44 ಹರ್ಟ್ಜ್. ಪರದೆಯಲ್ಲಿ 1.25. ಈ ಭಾರದಲ್ಲಿ ಕೋರ್ ಹೊರಬೇಕಾದ ಫ್ಲಕ್ಸ್ 2.1 ಟೆಸ್ಲಾ ದಾಟುತ್ತದೆ, ಉಕ್ಕಿನ ತಾಕತ್ತು ಅಲ್ಲಿಗೆ ಮುಗಿದಿರುತ್ತದೆ. ಅಲಾರಂ ಬಂತು, ಟೈಮರ್ ಓಡಿತು, ನಿಮಿಷ ತುಂಬುವ ಮೊದಲೇ ರಿಲೇ ಕಟ್ ಎಂದು ಸದ್ದು ಮಾಡಿ ಎರಡೂ ಬದಿಯ ಬ್ರೇಕರ್‌ಗಳಿಗೆ ಟ್ರಿಪ್ ಆಜ್ಞೆ ಕೊಟ್ಟಿತು.

ನನ್ನನ್ನು ಬೆರಗುಗೊಳಿಸಿದ್ದು ಕೊನೆಯ ಪರೀಕ್ಷೆ. ಅದೇ 121 ವೋಲ್ಟ್ ಹಾಗೇ ಇಟ್ಟು ಫ್ರೀಕ್ವೆನ್ಸಿಯನ್ನು 55ಕ್ಕೆ ಏರಿಸಿದರು. ಈಗಷ್ಟೇ ಟ್ರಿಪ್ ಮಾಡಿದ ರಿಲೇ ಅದೇ ವೋಲ್ಟೇಜಿಗೆ ಮಿಸುಕಲಿಲ್ಲ. ಪರದೆಯಲ್ಲಿ ಮತ್ತೆ 1.00. ಅಷ್ಟು ವೋಲ್ಟೇಜ್ ಇನ್ಸುಲೇಷನ್‌ಗೆ ಒಳ್ಳೆಯದಲ್ಲ, ಅದನ್ನು ಕಾಯಲು ಬೇರೆ ರಿಲೇ ಇದೆ. ಆದರೆ ಕೋರ್‌ಗೆ ಅದು ನಿತ್ಯದ ದಿನ. ಎರಡು ಸಂಖ್ಯೆಗಳನ್ನು ಬಿಡಿಬಿಡಿಯಾಗಿ ನೋಡಿದವರಿಗೆ ಎಂದೂ ಕಾಣದ ಸತ್ಯ ಒಂದು ಭಾಗಾಕಾರದಲ್ಲಿ ಕಾಣುತ್ತದೆ.

ಊಟದ ಹೊತ್ತಿಗೆ ಹಳೆಯ ಮಾತು ಬಂತು. ತೊಂಬತ್ತರ ದಶಕದಲ್ಲಿ ದಕ್ಷಿಣದ ಗ್ರಿಡ್ ಸಂಜೆಯ ಹೊತ್ತು 48 ಹರ್ಟ್ಜ್ ಆಸುಪಾಸಿಗೆ ಇಳಿಯುತ್ತಿದ್ದುದು ಅಲ್ಲಿನ ಎಂಜಿನಿಯರುಗಳಿಗೆಲ್ಲ ನೆನಪಿದೆ. ಆಗೆಲ್ಲ ಟ್ರಾನ್ಸ್‌ಫಾರ್ಮರ್‌ಗಳು ಹೇಗೆ ಉಳಿದವು ಎಂದು ಕೇಳಿದೆ. ಉತ್ತರವೂ ಭಾಗಾಕಾರದಲ್ಲೇ ಇತ್ತು. ಲೋಡ್ ವಿಪರೀತವಾದಾಗ ಫ್ರೀಕ್ವೆನ್ಸಿಯ ಜೊತೆ ವೋಲ್ಟೇಜೂ ಕುಸಿಯುತ್ತಿತ್ತು. 48 ಹರ್ಟ್ಜ್‌ನಲ್ಲಿ 380 ಕಿಲೋವೋಲ್ಟ್ ಇದ್ದರೆ ಭಾಗಲಬ್ಧ 0.99 ಮಾತ್ರ. ಅದೇ 48ರಲ್ಲಿ 420 ಇದ್ದಿದ್ದರೆ 1.09, ಅಲಾರಂ ಹೊಸ್ತಿಲಿಗೇ ಬಂದಂತೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಕೂಡಿಕೊಂಡಿತು. ಈಗ ಫ್ರೀಕ್ವೆನ್ಸಿ 50ರ ಹತ್ತಿರವೇ ಇರುತ್ತದೆ. ಆದರೆ ನಡುರಾತ್ರಿ ಲೋಡ್ ಇಳಿದಾಗ ಉದ್ದನೆಯ ಲೈನುಗಳಲ್ಲಿ ವೋಲ್ಟೇಜ್ ತಾನಾಗಿ ಏರುತ್ತದೆ. ಇನ್ನೊಂದೆಡೆ, ಜನರೇಟರ್ ಇರುವ ಕಡೆ ಯಂತ್ರದ ವೇಗ ಇಳಿದರೂ ಎಕ್ಸೈಟೇಷನ್ ಹಾಗೇ ಉಳಿದರೆ ಅಪಾಯ ಇದ್ದೇ ಇದೆ. ಟೆಕ್ ಪಾರ್ಕ್‌ಗಳ ಡೀಸೆಲ್ ಜನರೇಟರ್‌ಗಳಲ್ಲಿ ವೋಲ್ಟೇಜ್ ನಿಯಂತ್ರಕ ವೇಗ ಕುಸಿದಾಗ ವೋಲ್ಟೇಜನ್ನೂ ಜೊತೆಗೇ ಇಳಿಸುವುದು ಇದೇ ಕಾರಣಕ್ಕೆ.

ಇಂಥ ರಿಲೇ ಇರುವ ಯಾರ್ಡ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಿಗೆ ನನ್ನದೊಂದು ಮನವಿ: ಪರೀಕ್ಷೆಯ ದಿನ ಬರೀ ವೋಲ್ಟೇಜ್ ಏರಿಸಿ ಟ್ರಿಪ್ ಆಯಿತೆಂದು ಸಹಿ ಹಾಕಬೇಡಿ. ಸಾಮಾನ್ಯ ಓವರ್‌ವೋಲ್ಟೇಜ್ ರಿಲೇಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ವೋಲ್ಟೇಜ್ ಮುಟ್ಟದೆ ಫ್ರೀಕ್ವೆನ್ಸಿ ಇಳಿಸಿ ನೋಡಿ, ಆಮೇಲೆ ಎರಡನ್ನೂ ಒಟ್ಟಿಗೆ ಏರಿಸಿ ನೋಡಿ. ಮೊದಲನೆಯದಕ್ಕೆ ಕೂಗಿ ಎರಡನೆಯದಕ್ಕೆ ಸುಮ್ಮನಿದ್ದರೆ ಮಾತ್ರ ನಿಮ್ಮ ರಿಲೇಗೆ ಭಾಗಿಸಲು ಬರುತ್ತದೆ ಎಂದರ್ಥ.