ಅಜ್ಜಿ ಟಿವಿಗೂ ಆಫೀಸ್ ಸರ್ವರ್‌ಗೂ ಒಂದೇ ವಿಳಾಸ

1/6

ಫೋಟೋದಲ್ಲಿ ಇರೋದು ನಮ್ಮನೆ ರೂಟರ್. ಟಿವಿ ಪಕ್ಕ, ದೇವರ ಕ್ಯಾಲೆಂಡರ್ ಕೆಳಗೆ. ಇದರಿಂದ ನನ್ನ ಕೆಲಸ ಹೋಗೋದರಲ್ಲಿತ್ತು.

ಗೊತ್ತಿಲ್ಲದೋರಿಗೆ: ಕಾಲೇಜ್ ಮುಗಿಸ್ಕೊಂಡು ದಾವಣಗೆರೆಯ ಒಂದು ಆಡಿಟರ್ ಆಫೀಸಲ್ಲಿ ಪಾರ್ಟ್ ಟೈಮ್ ಕೆಲಸ ಮಾಡ್ತೀನಿ. ನಮ್ಮನೆ ಚನ್ನಗಿರಿ ಕಡೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ದಿನಾ ಬಸ್ಸಲ್ಲಿ ಹೋಗಿಬರೋಕೆ ಆಗಲ್ಲ ಅಂತ ಸರ್ ಹತ್ರ ಬೇಡ್ಕೊಂಡು ಮನೆಯಿಂದಲೇ ಮಾಡೋಕೆ ಒಪ್ಪಿಗೆ ತಗೊಂಡಿದ್ದೆ. ಲ್ಯಾಪ್‌ಟಾಪಿಗೆ ವಿಪಿಎನ್ ಹಾಕಿಕೊಟ್ಟರು. ಅದನ್ನ ಆನ್ ಮಾಡಿ, ರಿಮೋಟ್ ಡೆಸ್ಕ್‌ಟಾಪಲ್ಲಿ 192.168.1.10 ಅಂತ ಹೊಡೆದರೆ ಟ್ಯಾಲಿ ಇರೋ ಸರ್ವರ್ ತೆರೆದುಕೊಳ್ಳಬೇಕು. ಅಷ್ಟೇ.

ಮೊದಲ ರಾತ್ರಿ, 19ನೇ ತಾರೀಖು. ಮೂರು ಪಾರ್ಟಿಗಳ GSTR-3B ಬಾಕಿ, ಕೊನೆ ದಿನ 20. ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ಬಡ್ಡಿ ಬೇರೆ. ವಿಪಿಎನ್ ಆನ್ ಮಾಡಿದೆ. ಹಸಿರು ಬಣ್ಣದಲ್ಲಿ Connected ಅಂತ ಬಂತು. ಸರ್ವರ್ ಮಾತ್ರ ತೆರೀಲಿಲ್ಲ.

ಸರ್‌ಗೆ ಫೋನ್ ಮಾಡಿದೆ. "ನಿಮ್ಮನೆ ಇಂಟರ್ನೆಟ್ಟೇ ಸರಿ ಇಲ್ಲ ಕಣಮ್ಮ. ಹಿಂಗಾದ್ರೆ ಮನೆಯಿಂದ ಕೆಲಸ ಆಗಲ್ಲ, ನಾಳೆಯಿಂದ ಆಫೀಸಿಗೇ ಬಂದ್ಬಿಡು" ಅಂದ್ರು.

2/6

ಇಂಟರ್ನೆಟ್ ಸರಿಯಾಗೇ ಇತ್ತು. ವಿಪಿಎನ್ ಆನ್ ಇದ್ದಾಗ್ಲೂ ಜಿಎಸ್‌ಟಿ ಪೋರ್ಟಲ್ ತೆರೀತಿತ್ತು. ನನ್ನ ಐಪಿ ಏನು ಅಂತ ತೋರಿಸೋ ವೆಬ್‌ಸೈಟಲ್ಲಿ ನೋಡಿದ್ರೆ ಆಫೀಸಿನ ಐಪಿನೇ ಬರ್ತಿತ್ತು. ಅಂದ್ರೆ ನನ್ನ ಲ್ಯಾಪ್‌ಟಾಪಿಂದ ಹೊರಡೋದೆಲ್ಲ ಆಫೀಸ್ ಮೂಲಕವೇ ಹೋಗ್ತಿದೆ. ಊರೆಲ್ಲ ಆಫೀಸ್ ದಾರೀಲಿ ಹೋಗುತ್ತೆ, ಆಫೀಸಿಗೆ ಮಾತ್ರ ಹೋಗಲ್ಲ!

ಆಫೀಸಿನ ನೆಟ್‌ವರ್ಕ್ ನೋಡ್ಕೊಳ್ಳೋ ಅಣ್ಣಂಗೆ ಮೆಸೇಜ್ ಹಾಕಿದೆ. "ಸರ್ವರ್‌ನ ಪಿಂಗ್ ಮಾಡು" ಅಂದ್ರು. ಮಾಡಿದೆ.

```
ping 192.168.1.10
```

ಉತ್ತರ ಬಂತು! 3 ಮಿಲಿಸೆಕೆಂಡಲ್ಲಿ. ಖುಷಿಯಿಂದ ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ಖುಷಿ ಪಡಲಿಲ್ಲ. "ವಿಪಿಎನ್ ಒಳಗೆ ಸುತ್ತಿ ಇಲ್ಲಿಗೆ ಬಂದು ವಾಪಸ್ ಹೋಗೋಕೆ 3 ಮಿಲಿಸೆಕೆಂಡ್ ಸಾಲಲ್ಲಮ್ಮ. ನಿಮ್ಮನೇಲಿ ಯಾರೋ ಉತ್ತರ ಕೊಡ್ತಿದಾರೆ" ಅಂದ್ರು.

ಅಷ್ಟರಲ್ಲಿ ಅಜ್ಜಿ ಸೀರಿಯಲ್ ಮುಗಿದು ಟಿವಿ ಆಫ್ ಮಾಡಿದ್ರು. ಮತ್ತೆ ಪಿಂಗ್ ಮಾಡಿದ್ರೆ ಈಗ ಬೇರೆ ಉತ್ತರ:

```
Reply from 192.168.1.6: Destination host unreachable.
```

192.168.1.6 ನನ್ನ ಲ್ಯಾಪ್‌ಟಾಪೇ. ಅಂದ್ರೆ "ಆ ವಿಳಾಸದಲ್ಲಿ ಯಾರೂ ಸಿಗ್ತಿಲ್ಲ" ಅಂತ ನನ್ನ ಲ್ಯಾಪ್‌ಟಾಪ್ ನನಗೇ ಹೇಳ್ತಿದೆ. ಪ್ಯಾಕೆಟ್ ಮನೆ ಬಾಗಿಲೇ ದಾಟಿಲ್ಲ. ಅಲ್ಲೀವರೆಗೂ ಉತ್ತರ ಕೊಡ್ತಿದ್ದದ್ದು ಅಜ್ಜಿ ಟಿವಿ. ನಮ್ಮನೆ ರೂಟರ್ ಅದಕ್ಕೆ ಕೊಟ್ಟಿದ್ದ ವಿಳಾಸವೂ 192.168.1.10.

ಬಿಕಾಂ ಮಕ್ಕಳಿಗೆ ಇದು ಗೊತ್ತಿರೋ ತಪ್ಪೇ. ಒಬ್ಬ ರಮೇಶನ ಖಾತೆಗೆ ಹಾಕಬೇಕಾದ್ದನ್ನ ಇನ್ನೊಬ್ಬ ರಮೇಶನ ಖಾತೆಗೆ ಹಾಕಿದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಆದ್ರೂ ಲೆಕ್ಕ ತಪ್ಪು. ಪಿಂಗ್‌ಗೆ ಉತ್ತರ ಬಂತು ಅಂದ್ರೆ ಸರಿಯಾದವರೇ ಕೊಟ್ಟರು ಅಂತ ಅಲ್ಲ.

3/6

ಒಂದೇ ವಿಳಾಸ ಎರಡು ಕಡೆ ಹೇಗೆ ಬಂತು? ಪ್ರತಿ ಊರಲ್ಲೂ ಒಂದು ಗಾಂಧಿನಗರ, ಅದರಲ್ಲಿ ಒಂದನೇ ಕ್ರಾಸ್ ಇರುತ್ತಲ್ಲ, ಹಾಗೆ. ಮನೆ, ಆಫೀಸು, ಅಂಗಡಿ ಒಳಗಡೆ ಮಾತ್ರ ಬಳಸೋಕೆ ಅಂತ ಕೆಲವು ವಿಳಾಸಗಳನ್ನ ಬಿಟ್ಟಿದಾರೆ: 10 ರಿಂದ ಶುರು ಆಗೋವು, 172.16 ರಿಂದ 172.31 ರವರೆಗಿನವು, 192.168 ರಿಂದ ಶುರು ಆಗೋವು. 1996ರ RFC 1918 ಅನ್ನೋ ದಾಖಲೆಯಲ್ಲಿ ಇದಿದೆ. ಯಾರು ಬೇಕಾದ್ರೂ, ಯಾರನ್ನೂ ಕೇಳದೆ ಬಳಸಬಹುದು. ಮುಂದೆ ಎರಡು ನೆಟ್‌ವರ್ಕ್ ಸೇರಿದಾಗ ಡಿಕ್ಕಿ ಆಗಬಾರದು ಅಂದ್ರೆ ಮನಸ್ಸಿಗೆ ಬಂದ ನಂಬರ್ ಆರಿಸ್ಕೊಳ್ಳಿ ಅಂತಾನೂ ಅದೇ ದಾಖಲೆ ಹೇಳಿತ್ತು. ಆದ್ರೆ ಎಷ್ಟೋ ರೂಟರ್‌ಗಳು ಕಂಪನಿಯಿಂದ ಬರುವಾಗ್ಲೇ 192.168.0 ಅಥವಾ 192.168.1 ಹಾಕ್ಕೊಂಡು ಬರ್ತವೆ. ನಾವೂ ಬದಲಾಯಿಸಲ್ಲ, ಆಫೀಸಿನೋರೂ ಬದಲಾಯಿಸಲ್ಲ.

ಎರಡೂ ನೆಟ್‌ವರ್ಕ್ ಬೇರೆ ಬೇರೆ ಇದ್ದಾಗ ತೊಂದರೆ ಇಲ್ಲ. ಚನ್ನಗಿರಿಯ ಒಂದನೇ ಕ್ರಾಸಿಗೂ ದಾವಣಗೆರೆಯ ಒಂದನೇ ಕ್ರಾಸಿಗೂ ಜಗಳ ಇಲ್ಲ. ವಿಪಿಎನ್ ಹಾಕಿದ ತಕ್ಷಣ ನನ್ನ ಲ್ಯಾಪ್‌ಟಾಪ್ ಎರಡೂ ಊರಲ್ಲಿ ಒಟ್ಟಿಗೆ ಇದ್ದ ಹಾಗೆ. ಆಗ "ಒಂದನೇ ಕ್ರಾಸ್" ಅಂದ್ರೆ ಅದು ಯಾವುದಕ್ಕೆ ಹೋಗಬೇಕು?

ಲ್ಯಾಪ್‌ಟಾಪ್ ಇದನ್ನ ಒಂದು ಪಟ್ಟಿ ನೋಡಿ ತೀರ್ಮಾನ ಮಾಡುತ್ತೆ. `route print` ಅಂತ ಹೊಡೆದರೆ ಕಾಣುತ್ತೆ. ನನ್ನದರಲ್ಲಿ ಮುಖ್ಯವಾದ ಮೂರು ಸಾಲು ಇವು (ಕೊನೆಯ ಕಾಲಂ ಬಿಟ್ಟಿದೀನಿ):

```
Network Destination  Netmask        Gateway   Interface
0.0.0.0              128.0.0.0      10.8.0.1  10.8.0.6
128.0.0.0            128.0.0.0      10.8.0.1  10.8.0.6
192.168.1.0          255.255.255.0  On-link   192.168.1.6
```

ಮೊದಲ ಎರಡು ಸಾಲು ವಿಪಿಎನ್‌ದು. ಅರ್ಧ ಜಗತ್ತು, ಇನ್ನರ್ಧ ಜಗತ್ತು, ಎರಡೂ ಆಫೀಸ್ ಕಡೆ ಕಳಿಸು ಅಂತ. ಮೂರನೇದು ನಮ್ಮನೆ ವೈಫೈದು: 192.168.1 ರಿಂದ ಶುರು ಆಗೋ 256 ವಿಳಾಸ ಇಲ್ಲೇ ಪಕ್ಕದಲ್ಲಿವೆ ಅಂತ. ನಿಯಮ ಏನಂದ್ರೆ, ಯಾವ ಸಾಲು ಹೆಚ್ಚು ನಿಖರವಾಗಿದೆಯೋ ಅದೇ ಗೆಲ್ಲುತ್ತೆ. ಅರ್ಧ ಜಗತ್ತಿನ ಮುಂದೆ 256 ವಿಳಾಸ ಎಷ್ಟೋ ನಿಖರ. ಹಾಗಾಗಿ 192.168.1.10ಕ್ಕೆ ಹೊರಟಿದ್ದು ಮನೆ ಒಳಗೇ ಸುತ್ತುತ್ತೆ, ಉಳಿದಿದ್ದೆಲ್ಲ ಆಫೀಸಿಗೆ ಹೋಗುತ್ತೆ. "ಎಲ್ಲಾ ಟ್ರಾಫಿಕ್ಕೂ ವಿಪಿಎನ್‌ನಲ್ಲೇ ಹೋಗಲಿ" ಅಂತ ಸೆಟ್ ಮಾಡಿದ್ರೂ ಈ ಡಿಕ್ಕಿ ತಪ್ಪಲ್ಲ. ನಮ್ಮದು ಅದೇ ಸೆಟ್ಟಿಂಗ್ ಆಗಿತ್ತು.

4/6

ಆ ರಾತ್ರಿ ಉಳಿಸಿದ್ದು ಮೊಬೈಲ್ ಹಾಟ್‌ಸ್ಪಾಟ್. ಮನೆ ವೈಫೈ ಬಿಟ್ಟು ಫೋನಿಗೆ ಕನೆಕ್ಟ್ ಆದೆ. ಫೋನ್ ತಾನೇ ಒಂದು ಪುಟ್ಟ ನೆಟ್‌ವರ್ಕ್ ಮಾಡುತ್ತೆ, ಅದರ ನಂಬರ್ ಬೇರೆ. ಪಟ್ಟಿಯಿಂದ ಆ ಮೂರನೇ ಸಾಲು ಹೋಯ್ತು, ಸರ್ವರ್ ತೆರೀತು. ರಾತ್ರಿ ಒಂದು ಗಂಟೆಗೆ ಮೂರನೇ ಪಾರ್ಟಿ ಲೆಕ್ಕ ಮುಗೀತು. ದಿನದ ಡೇಟಾನೂ ಮುಗೀತು.

ಬೆಳಿಗ್ಗೆ ಆ ಅಣ್ಣ ಇನ್ನೊಂದು ದಾರಿ ಹೇಳಿದ್ರು. ನಿಖರವಾದದ್ದು ಗೆಲ್ಲುತ್ತೆ ಅಂದ್ರೆ ಇನ್ನೂ ನಿಖರವಾದ ಸಾಲು ನಾವೇ ಸೇರಿಸೋದು. 256 ವಿಳಾಸಕ್ಕಿಂತ ನಿಖರ ಅಂದ್ರೆ ಒಂದೇ ವಿಳಾಸ. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಪಿಎನ್ ಆನ್ ಇರುವಾಗ:

```
route add 192.168.1.10 mask 255.255.255.255 10.8.0.1
```

10.8.0.1 ಅನ್ನೋದು ವಿಪಿಎನ್‌ನ ಆ ಕಡೆ ತುದಿ. ನಿಮ್ಮದರಲ್ಲಿ ಬೇರೆ ಇರುತ್ತೆ, ಮೇಲಿನ ಪಟ್ಟಿಯ Gateway ಕಾಲಂ ನೋಡ್ಕೊಳ್ಳಿ. ಹೊಡೆದ ತಕ್ಷಣ ಟ್ಯಾಲಿ ಬಂತು. ವಾಪಸ್ ಬರೋ ದಾರಿಗೆ ತೊಂದರೆ ಇಲ್ಲ, ಯಾಕಂದ್ರೆ ಸರ್ವರ್‌ಗೆ ನಾನು ಕಾಣೋದು 10.8.0.6 ಅಂತ.

ಇದಕ್ಕೆ ಮಿತಿ ಇದೆ. ಒಂದು ವಿಳಾಸಕ್ಕೆ ಒಂದು ಸಾಲು, ಆಫೀಸ್ ಪ್ರಿಂಟರ್ ಬೇಕಂದ್ರೆ ಇನ್ನೊಂದು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದ್ರೆ ಅಳಿಸಿಹೋಗುತ್ತೆ. ಆ ಸಾಲು ಇರೋವರೆಗೂ ಲ್ಯಾಪ್‌ಟಾಪಿಗೆ ಅಜ್ಜಿ ಟಿವಿ ಸಿಗಲ್ಲ. ಇನ್ನೊಂದು ಮುಖ್ಯ ವಿಷಯ: ನಿಮಗೆ ಬೇಕಾದ ಆಫೀಸ್ ಮಷೀನಿನ ವಿಳಾಸವೂ ನಿಮ್ಮನೆ ರೂಟರ್ ವಿಳಾಸವೂ ಒಂದೇ ಆಗಿದ್ರೆ ಇದನ್ನ ಮಾಡಲೇಬೇಡಿ. ಇಂಟರ್ನೆಟ್‌ಗೆ ಹೋಗೋ ಬಾಗಿಲೇ ಆ ರೂಟರ್, ಅದರ ದಾರಿ ತಿರುಗಿಸೋಕೆ ಹೋದ್ರೆ ವಿಪಿಎನ್ನೇ ಬಿದ್ದುಹೋಗಬಹುದು.

5/6

ಸರಿಯಾದ ಪರಿಹಾರ ಭಾನುವಾರ ಮಾಡಿದೆ: ನಮ್ಮನೆ ನಂಬರ್ರೇ ಬದಲಾಯಿಸೋದು.

ಬ್ರೌಸರಲ್ಲಿ 192.168.1.1 ತೆರೆದು ರೂಟರ್‌ಗೆ ಲಾಗಿನ್ ಆದೆ. LAN ಅನ್ನೋ ಪುಟದಲ್ಲಿ ರೂಟರ್‌ನ ವಿಳಾಸ 192.168.57.1 ಮಾಡಿದೆ. 57ಕ್ಕೆ ಅರ್ಥ ಏನಿಲ್ಲ, ಬೇರೆಯವರು ಆರಿಸಿರೋ ಸಾಧ್ಯತೆ ಕಡಿಮೆ ಅಷ್ಟೇ. 0 ಹಾಕಿದ್ರೆ ಮುಂದಿನ ಆಫೀಸಿನ ಜೊತೆ ಇದೇ ಕಥೆ ಆಗಬಹುದು. DHCP ಜಾಗದಲ್ಲಿ ಹಂಚೋ ವಿಳಾಸಗಳು 192.168.57.100 ರಿಂದ 192.168.57.200 ಅಂತ ಹಾಕಿ ಸೇವ್ ಕೊಟ್ಟೆ.

ಸೇವ್ ಒತ್ತಿದ ಮೇಲೆ ಪುಟ ಸುತ್ತುತ್ತಾ ನಿಂತುಬಿಡ್ತು. ಕೆಡಿಸಿಬಿಟ್ನಾ ಅಂತ ಎದೆ ಧಸಕ್ ಅಂತು. ಹಾಗೇನಿಲ್ಲ, ರೂಟರ್ ಹೊಸ ವಿಳಾಸಕ್ಕೆ ಹೋಗಿದೆ, ನಾನು ಹಳೇ ಮನೆ ಬಾಗಿಲು ಬಡೀತಿದೀನಿ. ವೈಫೈ ಆಫ್ ಮಾಡಿ ಆನ್ ಮಾಡಿದೆ, ಲ್ಯಾಪ್‌ಟಾಪಿಗೆ 192.168.57.101 ಬಂತು. ಫೋನ್, ಟಿವಿ ಎಲ್ಲಾ ತಾವೇ ಹೊಸದು ತಗೊಂಡ್ವು.

ಅಪ್ಪನ ಪ್ರಿಂಟರ್ ಮಾತ್ರ ಸತ್ತ ಹಾಗೆ ಕೂತಿತ್ತು. ಅದಕ್ಕೆ ಯಾವಾಗ್ಲೋ ಕೈಯಿಂದ 192.168.1.50 ಅಂತ ಹಾಕಿದ್ರಂತೆ. ಅದನ್ನ 192.168.57.50 ಮಾಡಿ, ಲ್ಯಾಪ್‌ಟಾಪಲ್ಲಿ ಮತ್ತೆ ಸೇರಿಸಿದೆ. ಮನೇಲಿ ಸಿಸಿಟಿವಿ ಇರೋರು ರೂಟರ್ ಮುಟ್ಟೋ ಮುಂಚೆ ಇಂಥವನ್ನೆಲ್ಲ ಒಂದು ಚೀಟೀಲಿ ಬರೆದಿಟ್ಕೊಳ್ಳಿ.

ಪಿಜಿ, ಹಾಸ್ಟೆಲ್‌ನಲ್ಲಿ ಇರೋರಿಗೆ ರೂಟರ್ ಮುಟ್ಟೋಕೆ ಬಿಡಲ್ಲ. ಓನರ್ ಒಪ್ಪಿದ್ರೆ ನಿಮ್ಮದೇ ಒಂದು ಚಿಕ್ಕ ರೂಟರನ್ನ ಅವರ ರೂಟರ್‌ಗೆ ಸಿಕ್ಕಿಸಿ, ಒಳಗಡೆ 57ರಂಥ ನಂಬರ್ ಇಟ್ಕೊಳ್ಳಬಹುದು. ನಿಮ್ಮ ಲ್ಯಾಪ್‌ಟಾಪಿಗೆ ಪಕ್ಕದಲ್ಲಿ ಕಾಣೋದು ಆಗ ನಿಮ್ಮ ರೂಟರ್ ಮಾತ್ರ.

6/6

ಸೋಮವಾರ ಆಫೀಸಿಗೆ ಹೋಗಿ `route print` ಪಟ್ಟಿ ಪ್ರಿಂಟ್ ತೆಗೆದು ಸರ್ ಮುಂದೆ ಇಟ್ಟೆ. ರಮೇಶನ ಖಾತೆ ಲೆಕ್ಕದಲ್ಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ನಿಮ್ಮನೆ ಇಂಟರ್ನೆಟ್ ತಪ್ಪಲ್ಲ ಅನ್ನು" ಅಂದ್ರು. ಅಷ್ಟು ಸಾಕಾಗಿತ್ತು ನನಗೆ.

ಆಮೇಲೆ ಗೊತ್ತಾಯ್ತು, ಇನ್ನಿಬ್ಬರಿಗೂ ಇದೇ ತೊಂದರೆ ಇತ್ತು. ಅವರೂ ತಮ್ಮ ಇಂಟರ್ನೆಟ್ಟೇ ಸರಿ ಇಲ್ಲ ಅಂದ್ಕೊಂಡು ಸುಮ್ಮನಿದ್ರು. ಎಲ್ಲರ ಮನೆ ರೂಟರ್ ಬದಲಾಯಿಸ್ತಾ ಕೂರೋಕೆ ಆಗಲ್ಲ. ಆಫೀಸಿನ ನಂಬರ್ ಬದಲಾಯಿಸಬೇಕಂದ್ರೆ ಸರ್ವರ್, ಪ್ರಿಂಟರ್, ಹಾಜರಿ ಮಷೀನು ಎಲ್ಲಾ ಮುಟ್ಟಬೇಕು. ಅದಕ್ಕೆ ಆ ಅಣ್ಣ ವಿಪಿಎನ್ ಪೆಟ್ಟಿಗೆಯಲ್ಲೇ ಅಡ್ಡಹೆಸರು ಇಟ್ಟರು: ಹೊರಗಿನಿಂದ ಬರೋರು 10.57.1.10 ಅಂತ ಕರೆಯೋದು, ಪೆಟ್ಟಿಗೆ ಅದನ್ನ 192.168.1.10 ಅಂತ ಬದಲಾಯಿಸಿ ಒಳಗೆ ಕಳಿಸೋದು, ಉತ್ತರ ಬಂದಾಗ ಮತ್ತೆ ತಿರುಗಿಸೋದು. ನಾವು ಮಾಡಬೇಕಾಗಿದ್ದು ರಿಮೋಟ್ ಡೆಸ್ಕ್‌ಟಾಪಲ್ಲಿ ವಿಳಾಸ ಬದಲಾಯಿಸೋದು ಮಾತ್ರ. ಆಫೀಸನ್ನೇ ಮುಂದೆ ಯಾವಾಗಾದ್ರೂ ಹೊಸ ಜಾಗಕ್ಕೆ ಸಾಗಿಸಿದಾಗ ನಂಬರ್ ಪೂರ್ತಿ ಬದಲಾಯಿಸ್ತಾರಂತೆ.

ವಿಪಿಎನ್ Connected ಅಂತಿದ್ರೂ ಸರ್ವರ್ ಸಿಗ್ತಿಲ್ವಾ? ಅದನ್ನ ಅನ್‌ಇನ್‌ಸ್ಟಾಲ್ ಮಾಡೋ ಮುಂಚೆ `ipconfig` ಹೊಡೆದು ನಿಮ್ಮ ವೈಫೈ ವಿಳಾಸದ ಮೊದಲ ಮೂರು ನಂಬರ್ ನೋಡಿ. ಆಫೀಸ್ ಸರ್ವರ್‌ದೂ ಅವೇ ಇದ್ರೆ, ಕಳ್ಳ ಸಿಕ್ಕ.

ಅಜ್ಜಿ ಟಿವಿ ಈಗ 192.168.57.103. ಇಷ್ಟೆಲ್ಲ ಆದಮೇಲೆ ಅಜ್ಜಿ ಕೇಳಿದ್ದು ಒಂದೇ: "ಸೀರಿಯಲ್ ಟೈಮಿಗೆ ಬರುತ್ತೆ ತಾನೆ?"

ಬರುತ್ತೆ ಅಜ್ಜಿ.

(ನಿಮ್ಮನೆ ಮೂರನೇ ನಂಬರ್ ಎಷ್ಟು? ಕಮೆಂಟಲ್ಲಿ ಹಾಕಿ. 0, 1 ಎಷ್ಟು ಜನ ಇದೀರ ನೋಡೋಣ.)