ಅಂಗಡಿ ಹಲಗಿಯ ನಾಕು ಗೇಣು

ಒಂದು ತಿಂಗಳದಾಗ ಮೂರು ಮಂದಿ ನನಗ ಒಂದೇ ಮಾತು ಕೇಳ್ಯಾರ. "ವೈನಿ, ಮನಿ ಮುಂದಿನ ಖೋಲ್ಯಾಗ ಸಣ್ಣದೊಂದು ಕಿರಾಣಿ ಅಂಗಡಿ ಇಡಬೇಕಂತೀವಿ, ಯಾವ ಮಾಲು ಎಲ್ಲಿ ಇಡೋದು?" ಅಂತ. ಒಬ್ಬೊಬ್ಬರಿಗೂ ಫೋನಿನಾಗ ಹೇಳೋದಕ್ಕಿಂತ ಇಲ್ಲೇ ಬರದ್ರ ಎಲ್ಲಾರಿಗೂ ಮುಟ್ಟತದ. ನಮ್ಮ ಅಂಗಡಿ 10 ಫುಟು ಅಗಲ, 8 ಫುಟು ಆಳ. ಗಿರಾಕಿ ಒಳಗ ಬರೋದಿಲ್ಲ. ರಸ್ತೆದಾಗ ನಿಂತು ಕೇಳತಾರ, ನಾವು ಕೊಡತೀವಿ. ಬುಟ್ಟಿ ಹಿಡಕೊಂಡು ಅಡ್ಡಾಡೋ ದೊಡ್ಡ ಅಂಗಡಿ ಲೆಕ್ಕಾನೇ ಬ್ಯಾರೆ. ನಾ ಹೇಳೋದು ನಮ್ಮಂಥಾ ನಿಂತು ಕೇಳೋ ಅಂಗಡಿದು.

ಮೊದಲ ಒಂದು ಮಾತು ತಿಳಕೊಳ್ರಿ. ಸಕ್ಕರಿ, ಎಣ್ಣಿ, ತೊಗರಿ ಬ್ಯಾಳಿ, ಅಕ್ಕಿ ಇವು ಅಂಗಡಿಗೆ ಮಂದಿ ಕರಕೊಂಡು ಬರತಾವ, ರೊಕ್ಕ ತರೋದು ಕಡಿಮಿ. ನಮ್ಮ ಓಣ್ಯಾಗ ಎಲ್ಲಾ ಹೆಣ್ಮಕ್ಕಳಿಗೂ ಸಕ್ಕರಿ ಬೆಲಿ ಬಾಯಿಪಾಠ ಅದ. ಕಿಲೋಕ್ಕ 2 ರೂಪಾಯಿ ಉಳಿದ್ರ ಅದೇ ಭಾಳ. ಒಂದು ರೂಪಾಯಿ ಹೆಚ್ಚು ಹೇಳಿದ್ರ "ಅಲ್ಲೆ ಕಡಿಮಿ ಅದಲ್ಲ" ಅಂತಾರ. ಮೇನ್ ರೋಡಿಗೆ ದೊಡ್ಡ ಅಂಗಡಿ ಬಂದ ಮ್ಯಾಲಂತೂ ತಿಂಗಳ ಸಾಮಾನು ಅಲ್ಲಿಂದನ ಬರತದ. ನಮ್ಮ ಕಡೆ ಬರೋದು ನಡುವ ತೀರಿದ್ದಕ್ಕ, ಮನಿಗೆ ಬೀಗರು ಬಂದಾಗ. ಹಿಂಗಾಗಿ ಸಣ್ಣ ಅಂಗಡಿ ಉಸಿರಾಡೋದು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಹಪ್ಪಳ, ಸಾರಿನ ಪುಡಿ, ಯಾಲಕ್ಕಿ, ಕರದಂಟು ಇಂಥಾ ಮಾಲಿನ ಮ್ಯಾಲ. ಇವುದರಾಗ 100 ರೂಪಾಯಿಗೆ 20-25 ಉಳಿಯತಾವ. ಎಂಆರ್‌ಪಿಗಿಂತ ಹೆಚ್ಚು ತಗೊಳ್ಳೋ ಹಂಗಿಲ್ಲ. ಲಾಭ ಏನಿದ್ರೂ ನಾವು ಕೊಳ್ಳೋ ಬೆಲ್ಯಾಗ ಇರತದ.

ಇನ್ನ ಇಡೋ ವಿಚಾರ. ಅಂಗಡಿ ಮಾಲು ಎರಡು ತರದ್ದು ಅಂತ ತಿಳಕೊಳ್ರಿ: ಕೇಳಿ ಒಯ್ಯೋದು, ಕಂಡು ಒಯ್ಯೋದು. ಸಕ್ಕರಿ ಕೇಳಿ ಒಯ್ಯೋ ಮಾಲು. ಅದನ್ನ ಕಣ್ಣ ಮುಂದ ಇಟ್ರೂ ಅಷ್ಟ, ಹಿಂದ ಡಬ್ಬ್ಯಾಗ ಇಟ್ರೂ ಅಷ್ಟ, ಬೇಕಾದಾಕಿ ಹೆಸರು ಹೇಳಿ ಕೇಳತಾಳ. ಬಿಸ್ಕೀಟು, ಸಾಬಾಣ, ಚಹಾಪುಡಿನೂ ಹಂಗ. ಶೇಂಗಾ ಚಟ್ನಿ ಬೇಕಂತ ಮನಿಂದ ಹೊಂಟು ಬರೋರು ಕಡಿಮಿ. ಕಂಡ್ರ ಮಾತ್ರ "ಅಯ್ಯ, ಚಟ್ನಿ ಬಂದದನು? ಕೊಡ್ರಿ ಒಂದು, ಮುಂಜಾನೆ ರೊಟ್ಟಿಗೆ ಆಗತದ" ಅಂತಾರ. ಅದಕ್ಕ ಛೊಲೊ ಜಾಗಾ ಭಾಳ ಖರ್ಚಾಗೋ ಮಾಲಿಗೂ ಅಲ್ಲ, ಭಾಳ ಲಾಭದ ಮಾಲಿಗೂ ಅಲ್ಲ. ಕಂಡ್ರ ಹೆಚ್ಚು ಹೋಗೋ ಮಾಲಿಗೆ.

ಆ ಛೊಲೊ ಜಾಗಾ ಯಾವುದು? ಅಂಗಡಿ ಒಳಗ ನಿಂತು ನೋಡಿದ್ರ ತಿಳಿಯೋದಿಲ್ಲ. ರಸ್ತೆಕ್ಕ ಇಳದು, ಗಿರಾಕಿ ನಿಲ್ಲೋ ಕಲ್ಲಿನ ಮ್ಯಾಲ ನಿಂತು ನೋಡ್ರಿ. ನಮ್ಮ ಅಂಗಡಿ ನೆಲ ರಸ್ತೆಗಿಂತ ಒಂದು ಫುಟು ಎತ್ತರ ಅದ. 5 ಫುಟಿನ ಹೆಣ್ಮಗಳ ಕಣ್ಣು ರಸ್ತೆದಿಂದ ಹೆಚ್ಚು ಕಡಿಮಿ ಪಾವು ಕಡಿಮಿ 5 ಫುಟು ಮ್ಯಾಲ ಇರತದ ಅನ್ರಿ. ಅಂದ್ರ ಅಂಗಡಿ ನೆಲದ ಲೆಕ್ಕದಾಗ ಪಾವು ಕಡಿಮಿ 4 ಫುಟು. ಒಳಗ ನಿಂತ ನನ್ನ ಕಣ್ಣಿಗೂ ಅಕಿ ಕಣ್ಣಿಗೂ ಪೂರಾ ಒಂದು ಹಲಗಿ ಫರಕ ಬೀಳತದ. ನನ್ನ ಕಣ್ಣಿಗೆ ನೆಟ್ಟಗ ಕಾಣೋ ಹಲಗಿ ಅಕಿಗೆ ತಲಿ ಎತ್ತಿ ನೋಡೋ ಹಲಗಿ. ಅಂಗಡಿಕಾರರು ತಮ್ಮ ಕೈಗೆ, ತಮ್ಮ ಕಣ್ಣಿಗೆ ಅನುಕೂಲ ನೋಡಿ ಹಚ್ಚತಾರ, ಗಿರಾಕಿಗೆ ಕಾಣೋದು ಎಣ್ಣಿ ಡಬ್ಬಿ ಬೆನ್ನು. ಇನ್ನೊಂದು, ಕೌಂಟರ ಮ್ಯಾಲ ಭರಣಿ ಒಂದರ ಮ್ಯಾಲೊಂದು ಇಟ್ರ ಹಿಂದಿನ ಹಲಗಿ ಪೂರಾ ಮುಚ್ಚಿ ಹೋಗತದ. ಭರಣಿ ಒಂದೇ ಸಾಲು ಸಾಕು.

ಅಕಿ ಎಷ್ಟು ಹೊತ್ತು ನೋಡತಾಳ ಅನ್ನೋದೂ ಅದ. ನಾ ಬ್ಯಾಳಿ ತೂಗೋ ಹೊತ್ತಿನಾಗ ಅಕಿ ಕಣ್ಣು ಕಾಟಾದ ಅಂಕಿ ಮ್ಯಾಲ ಇರತದ. ಎಲ್ಲಾರೂ ತೂಕ ನೋಡತಾರ, ನೋಡಲೇಬೇಕು. ತೂಗಿ, ಪುಡಿಕಿ ಕಟ್ಟಿ, ಲೆಕ್ಕ ಹೇಳೋ ತನಕ ಆ ಕಣ್ಣು ಕಾಟಾದ ಅತ್ಲಾಗ ಇತ್ಲಾಗ, ಮತ್ತ ಅದರ ಹಿಂದಿನ ಹಲಗಿ ಮ್ಯಾಲ ಅಡ್ಡಾಡತದ. ನಮ್ಮ ಅಂಗಡ್ಯಾಗ ಆ ಜಾಗಾ ಕೈಲೆ ಅಳದ್ರ ನಾಕು ಗೇಣು. ಇಡೀ ಅಂಗಡ್ಯಾಗ ಮಾರೋ ಜಾಗಾ ಅಂದ್ರ ಆ ನಾಕು ಗೇಣು. ಉಳಿದದ್ದು ಮಾಲು ಕೂಡಿಡೋ ಜಾಗಾ. ಕಾಟಾದ ಅಂಕಿ ಮಾತ್ರ ಯಾವ ಪೊಟ್ಟಣದಿಂದಲೂ ಮರಿ ಆಗಬಾರದು. ತೂಕ ಕಾಣದಿದ್ರ ಸಂಶಯ ಬರತದ, ಸಂಶಯ ಬಂದಾಕಿ ಚಟ್ನಿನೂ ಒಯ್ಯೋದಿಲ್ಲ, ಬ್ಯಾಳಿನೂ ಒಯ್ಯೋದಿಲ್ಲ.

ಈಗ ಒಂದು ಗೇಣಿನ ಲೆಕ್ಕ ಹೇಳತೀನಿ. ನಮ್ಮ ಕಡೆ ಹೆಣ್ಮಕ್ಕಳ ಸಂಘದವ್ರು ಮಾಡಿಕೊಡೋ ಶೇಂಗಾ ಚಟ್ನಿ 100 ಗ್ರಾಮಿನ ಪ್ಯಾಕೆಟ್ ನನಗ 30 ರೂಪಾಯಿಗೆ ಬೀಳತದ, ಮಾರೋದು 40ಕ್ಕ. ಬಲಗಡೆ ಗ್ವಾಡಿ ಹಲಗಿ ಮ್ಯಾಲ ಇದ್ದಾಗ ವಾರಕ್ಕ 4 ಹೋಗತಿದ್ವು. ಕಾಟಾದ ಹಿಂದಿನ ಹಲಗಿಗೆ, ಒಂದು ಗೇಣಿನಾಗ ಎರಡು ಸಾಲು ಹಚ್ಚಿದೆ. ಆ ವಾರ 11 ಹೋದ್ವು. ಏಳು ಹೆಚ್ಚು ಅಂದ್ರ 70 ರೂಪಾಯಿ. ಅಲ್ಲಿಗೆ ಕುಣಿಯೋ ಹಂಗಿಲ್ಲ. ಬಾಜೂಕಿನ ಮಾಲಿನ ಲೆಕ್ಕಾನೂ ಹಿಡಿಬೇಕು. ಅದೇ ವಾರ ಉಪ್ಪಿನಕಾಯಿ ಸಣ್ಣ ಪೊಟ್ಟಣ 9 ಹೋಗೋದು 6ಕ್ಕ ಇಳದಿತ್ತು. ಚಟ್ನಿ ಒಯ್ದವ್ರು ಉಪ್ಪಿನಕಾಯಿ ಬಿಟ್ಟಿದ್ರು. ಒಂದಕ್ಕ 4 ರೂಪಾಯಿ ಲಾಭ, 12 ರೂಪಾಯಿ ಹೋತು. ಖರೇ ಉಳದದ್ದು 58 ರೂಪಾಯಿ. ತಿಂಗಳಿಗೆ ಇನ್ನೂರರ ಮ್ಯಾಲ ಆಗತದ, ಒಂದು ಗೇಣಿನಿಂದ.

ಇದನ್ನ ನಂಬೂದಕ್ಕಿಂತ ಮೊದಲ ವಾರ ನೋಡಬೇಕು. ತಿಂಗಳ ಮೊದಲನೆ ವಾರ ಪಗಾರ ಆಗಿರತದ, ಏನಿಟ್ರೂ ಹೋಗತದ. ಕಡೀ ವಾರ ಏನಿಟ್ರೂ ಕೂಡತದ. ಅದಕ್ಕ ಈ ತಿಂಗಳ ಎರಡನೇ ವಾರಕ್ಕ ಹೋದ ತಿಂಗಳ ಎರಡನೇ ವಾರ ಹಚ್ಚಿ ನೋಡಬೇಕು. ಪಂಚಮಿ, ದೀಪಾವಳಿ ವಾರ ಲೆಕ್ಕಕ್ಕ ಹಿಡೀಬಾರದು. ನಾ ಏನೂ ದೊಡ್ಡ ಪುಸ್ತಕ ಇಟ್ಟಿಲ್ಲ. ಸೋಮವಾರ ಮುಂಜಾನೆ ಪ್ಯಾಕೆಟ್ ಎಣಿಸಿ ಕ್ಯಾಲೆಂಡರಿನ ಮ್ಯಾಲ ಬರೀತೀನಿ, ನಡುವ ಹೊಸಾ ಮಾಲು ಬಂದ್ರ ಅದನ್ನೂ ಬರೀತೀನಿ, ಮುಂದಿನ ಸೋಮವಾರ ಮತ್ತ ಎಣಿಸತೀನಿ.

ಲಾಭ ಹೆಚ್ಚಿದ್ದ ಮಾತ್ರಕ್ಕ ಜಾಗಾ ಕೊಡಬ್ಯಾಡ್ರಿ. ಏಜೆಂಟ ಬಂದು ದೊಡ್ಡ ಜೇನುತುಪ್ಪದ ಬಾಟ್ಲಿ ತೋರಿಸಿ "ಅಕ್ಕಾರ, ಒಂದಕ್ಕ 45 ರೂಪಾಯಿ ನಿಮಗ" ಅಂತಾನ. ಖರೆ. ನಮ್ಮ ಓಣ್ಯಾಗ ಅದು ಆರು ವಾರಕ್ಕ ಒಂದು ಹೋಗತದ. ವಾರಕ್ಕ ಎಂಟು ರೂಪಾಯಿನೂ ಬೀಳೋದಿಲ್ಲ, ಮ್ಯಾಲ ನಮ್ಮ ರೊಕ್ಕ ಬಾಟ್ಲ್ಯಾಗ ಕೂತಿರತದ. ಅದನ್ನ ಮ್ಯಾಲಿನ ಹಲಗ್ಯಾಗ ಒಂದೇ ಇಟ್ರ ಸಾಕು. ಯಾಲಕ್ಕಿ ಸಣ್ಣ ಪೊಟ್ಟಣ ನೋಡ್ರಿ, ಅಂಗೈಯಷ್ಟು ಜಾಗಾದಾಗ ತೂಗಬಿಟ್ರ ಆತು. ಪಂಚಮಿ ಮುಂದ ಉಂಡಿಗೆ ಪುಟಾಣಿ, ಎಳ್ಳು, ಬೆಲ್ಲ ತೂಗೋ ಹೊತ್ತಿನಾಗ ಕಾಟಾದ ಬಾಜೂಕ ಯಾಲಕ್ಕಿ ಕಂಡ್ರ ಹತ್ತರಾಗ ನಾಕು ಮಂದಿ "ಅದೂ ಒಂದು ಹಾಕ್ರಿ" ಅಂತಾರ. ತೂಗೋ ಮಾಲಿಗೆ ಜೋಡಿ ಆಗೋದು ಬಾಜೂಕ ಇರಬೇಕು: ತೊಗರಿ ಬ್ಯಾಳಿಗೆ ಸಾರಿನ ಪುಡಿ, ಅವಲಕ್ಕಿಗೆ ಶೇಂಗಾ.

ಕೆಡೋದೂ ಇಲ್ಲೇ ಕೆಡತದ. ಶೇಂಗಾ ಚಟ್ನ್ಯಾಗ ಎಣ್ಣಿ ಇರತದ. ಪಡವಲ ಮುಖದ ಅಂಗಡ್ಯಾಗ ಸಂಜಿ ಬಿಸಲು ಅದೇ ಹಲಗಿ ಮ್ಯಾಲ ಬೀಳತದ, ಬಿಸಲಿಗೆ ಚಟ್ನಿ ಲಗೂನ ಕಮಟು ಹಿಡೀತದ. ಪರದೆ ಕಟ್ಟಬೇಕು, ಇಲ್ಲಾ ಎರಡು ವಾರಕ್ಕ ಆಗೋ ಅಷ್ಟೇ ತರಸಬೇಕು. ಹಳೇ ತಾರೀಖಿಂದು ಮುಂದ, ಹೊಸಾದ್ದು ಹಿಂದ. ಊದಿನಕಡ್ಡಿ, ಸಾಬಾಣ ಆ ಹಲಗಿ ಸಮೀಪ ಬ್ಯಾಡ, ರವಾ, ಚಹಾಪುಡಿ ವಾಸನಿ ಎಳಕೋತಾವ. ದಿನಾ ಜಾಗಾ ಬದಲ ಮಾಡಬ್ಯಾಡ್ರಿ, ಗಿರಾಕಿ ಕಣ್ಣಿಗೆ ರೂಢಿ ಆಗಲಿಕ್ಕೆ ಎರಡು ವಾರ ಬೇಕು. ಚಾಕಲೇಟ ಭರಣಿ ಸಣ್ಣ ಹುಡುಗರ ಮುಖಕ್ಕ ನೆಟ್ಟಗ ಇಡಬ್ಯಾಡ್ರಿ. ನಾಕು ದಿನ ವ್ಯಾಪಾರ ಆಗತದ. ಆಮ್ಯಾಲ ತಾಯಿ ಕೂಸನ್ನ ಮನ್ಯಾಗ ಬಿಟ್ಟು ಬರತಾಳ, ಇಲ್ಲಾ ಬ್ಯಾರೆ ಅಂಗಡಿಗೆ ಹೋಗತಾಳ.

ಕಡೀಕ ಉದ್ರಿ ಮಾತು. ಕಂಡು ಒಯ್ಯೋ ಮಾಲು ರೋಖ ಕೊಡೋರ ಕೈಯಾಗ ಹೋದ್ರ ಲಾಭ, ಉದ್ರಿ ಪುಸ್ತಕದಾಗ ಹೋದ್ರ ಬರೇ ಅಂಕಿ. ತಿಂಗಳ ಕೊನಿಗೆ ಬ್ಯಾಳಿ, ಎಣ್ಣಿ ಬಾಕಿ ಕೊಡಲಿಕ್ಕೆ ಯಾರೂ ನಾಚೋದಿಲ್ಲ. ಅದರಾಗ ಕರದಂಟು, ಚಟ್ನಿ ಕೂಡಿ 300 ಹೆಚ್ಚಾಗಿದ್ರ ಅಕಿ ಎದೀ ಝಲ್ಲಂತದ. ಆಮ್ಯಾಲ ನಮ್ಮ ಅಂಗಡಿ ಮುಂದ ಹಾಯದ ಹಿಂದಿನ ಓಣಿ ಹಿಡದು ಹೋಗತಾಳ. ಒಂದು ಚಟ್ನಿಯ 10 ರೂಪಾಯಿ ಸಲುವಾಗಿ ವರ್ಷದ ಗಿರಾಕಿ ಹೋತು, ಓಣ್ಯಾಗಿನ ಗೆಳತಿನೂ ಹೋದ್ಲು. ಅದಕ್ಕ ಉದ್ರಿಯಾಕಿ ಚಟ್ನಿ ಕೇಳಿದ್ರ ನಾ ಕೊಡತೀನಿ, ಬರಿಯೋಕಿಂತ ಮೊದಲ ಆವತ್ತಿನ ತನಕದ ಬಾಕಿ ಎಷ್ಟು ಅಂತ ಓದಿ ಹೇಳತೀನಿ. ಕೆಲವರು "ಹಂಗಾರ ಇರಲಿ ವೈನಿ, ಒಂದನೇ ತಾರೀಖಿಗೆ ಒಯ್ತೀನಿ" ಅಂತಾರ. ಇರಲಿ, ಒಂದನೇ ತಾರೀಖಿಗೆ ಒಯ್ಯಲಿ. ಆವತ್ತೂ ಚಟ್ನಿ ಅದೇ ಗೇಣಿನಾಗ ಇರತದ.